ಬಸ್ ಸ್ಟಾಪಿನ ಬೋರ್ಡಲ್ಲಿರೋ ಆ 76 ಟೆಸ್ಟ್ ಎಲ್ಲಿಂದ ಬಂದ್ವು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಿಗೆ ಕಾಯ್ತಾ ಇದನ್ನ ಕೇಳ್ತಿದ್ರೆ, ಒಂದ್ಸಲ ಹಿಂದೆ ತಿರುಗಿ ನೋಡಿ. ಬಸ್ ಸ್ಟಾಪಿನ ಬೆನ್ನಿಗೆ ಒಂದು ದೊಡ್ಡ ಬೋರ್ಡ್ ಇರುತ್ತೆ, ಒಳಗಡೆ ಲೈಟ್ ಇರುತ್ತೆ. ಅದರಲ್ಲಿ ಬಿಲ್ಡರ್ ಇಲ್ಲ, ಒಡವೆ ಅಂಗಡಿ ಇಲ್ಲ ಅಂದ್ರೆ ಹೆಚ್ಚುಕಡಿಮೆ ಒಂದು ಆಸ್ಪತ್ರೆ ಇದ್ದೇ ಇರುತ್ತೆ. ಬಿಳಿ ಕೋಟಿನ ಡಾಕ್ಟರು, ನಗ್ತಾ ಇರೋ ಒಂದು ಸಂಸಾರ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ, ಅದರ ಕೆಳಗೆ ಒಂದು ಬೆಲೆ.

ಆ ಸಾಲುಗಳನ್ನ ಬರೆಯೋದು ನನ್ನ ಕೆಲಸ. ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿ ಬರೀತೀನಿ. ಇವತ್ತು ಒಂದೇ ಒಂದು ಬೋರ್ಡ್ ತಗೊಂಡು ಅದರ ಸಾಲುಗಳನ್ನ ಬಿಡಿಸಿ ಹೇಳ್ತೀನಿ. ಒಂದು ಖಾಸಗಿ ಆಸ್ಪತ್ರೆಯ ಹೆಲ್ತ್ ಚೆಕಪ್ ಪ್ಯಾಕೇಜಿನ ಬೋರ್ಡ್ ಅದು. ಆಸ್ಪತ್ರೆ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಈ ಸಾಲುಗಳು ಸ್ವಲ್ಪ ಆಚೀಚೆಯಾಗಿ ಎಲ್ಲಾ ಊರಲ್ಲೂ ಇವೆ.

ಮೊದಲು ಜಾಗದ ವಿಷಯ. ಬಸ್ ಸ್ಟಾಪಿನ ಬೋರ್ಡಿಗೆ ಎರಡು ಥರ ಓದುಗರು. ಒಬ್ಬರು ಬೈಕಲ್ಲೋ ಬಸ್ಸಲ್ಲೋ ಹಾದು ಹೋಗೋರು. ಅವರ ಕಣ್ಣು ಬೋರ್ಡ್ ಮೇಲೆ ನಿಲ್ಲೋದು ಮೂರು ನಾಲ್ಕು ಸೆಕೆಂಡು. ಇನ್ನೊಬ್ಬರು ಅದರ ಕೆಳಗೇ ನಿಂತು ಬಸ್ಸಿಗೆ ಕಾಯೋರು. ಅವರಿಗೆ ಹದಿನೈದು ನಿಮಿಷ ಬೇರೆ ಕೆಲಸ ಇಲ್ಲ. ಹಾದು ಹೋಗೋರಿಗೆ ನಾವು ದೊಡ್ಡ ಸಾಲು, ಸಂಖ್ಯೆ, ಬೆಲೆ ಕೊಡ್ತೀವಿ. ಕಾಯೋರಿಗೆ ಸಣ್ಣ ಅಕ್ಷರ ಕೊಡ್ತೀವಿ. ನಿಜವಾದ ವ್ಯವಹಾರ ಆ ಸಣ್ಣ ಅಕ್ಷರದಲ್ಲೇ ಇರುತ್ತೆ.

ನನ್ನ ಕೈಗೆ ಬಂದ ಬ್ರೀಫ್ ಹೀಗಿತ್ತು. 76 ಟೆಸ್ಟ್. ಬೆಲೆ 1,499 ರೂಪಾಯಿ. ಪಕ್ಕದಲ್ಲಿ 5,200 ಅಂತ ಬರೆದು ಗೀಟು ಹೊಡೆದಿರಬೇಕು. ಇಂಗ್ಲಿಷ್ ಸಾಲು ಮೊದಲೇ ತಯಾರಾಗಿತ್ತು, ಅದರ ಕನ್ನಡವೂ ಯಾರೋ ಮಾಡಿ ಕಳಿಸಿದ್ರು: 'ಸಂಪೂರ್ಣ ದೇಹ ತಪಾಸಣೆ'.

ಒಂದ್ಸಲ ಜೋರಾಗಿ ಹೇಳಿ ನೋಡಿ. ದೇಹ ತಪಾಸಣೆ. ನನಗಂತೂ ಏರ್‌ಪೋರ್ಟಲ್ಲಿ ಎರಡೂ ಕೈ ಎತ್ತಿ ನಿಂತ ಹಾಗೆ ಕೇಳಿಸ್ತು. ತಪಾಸಣೆ ಅನ್ನೋದು ಪೊಲೀಸರು ಮಾಡೋದು, ಚೆಕ್‌ಪೋಸ್ಟಲ್ಲಿ ಆಗೋದು. ಹಾಗಂತ 'ಫುಲ್ ಬಾಡಿ ಚೆಕಪ್' ಅನ್ನೋದನ್ನೇ ಕನ್ನಡ ಅಕ್ಷರದಲ್ಲಿ ಬರೆಯೋಣ ಅಂದ್ರೆ ಅಲ್ಲೂ ಒಂದು ತಮಾಷೆ ಇದೆ. ನಮ್ಮಲ್ಲಿ ಬರೀ 'ಬಾಡಿ' ಅಂದ್ರೆ ಹೆಣ. 'ಬಾಡಿ ಬಂತಾ?' ಅಂತ ಕೇಳೋದು ಸಾವಿನ ಮನೆಯಲ್ಲಿ. ಆದ್ರೂ 'ಫುಲ್ ಬಾಡಿ ಚೆಕಪ್' ಅಂದ್ರೆ ಯಾರಿಗೂ ಹಾಗನ್ಸಲ್ಲ, ಮಾತು ಅಷ್ಟು ಬಳಕೆಗೆ ಬಂದ್ಬಿಟ್ಟಿದೆ. ಜನ ಹಾಗೇ ಅಂತಾರೆ, ಹಾಗಾಗಿ ಅದನ್ನೇ ಇಟ್ಕೊಂಡ್ವಿ.

ನನಗೆ ತಲೆ ಕೆಡಿಸಿದ್ದು ಅದರ ಪಕ್ಕದ ಸಂಖ್ಯೆ. 76. ಏನಿವು ಅಂತ ಪಟ್ಟಿ ಕೇಳಿದೆ. ಮಾರ್ಕೆಟಿಂಗಿನವರು ಕಳಿಸಿದ್ರು. ಲ್ಯಾಬಲ್ಲಿ ಕೆಲಸ ಮಾಡೋ ಗೆಳತಿ ಒಬ್ಬಳು ಇದ್ದಾಳೆ, ಅವಳ ಜೊತೆ ಕೂತು ಎಣಿಸಿದೆ. ನೀವೂ ನನ್ನ ಜೊತೆ ಎಣಿಸಿ.

ರಕ್ತಕಣಗಳ ಎಣಿಕೆ, ಅಂದ್ರೆ ಸಿಬಿಸಿ: 24. ಕೊಲೆಸ್ಟ್ರಾಲ್ ಗುಂಪು: 9. ಲಿವರ್: 12. ಕಿಡ್ನಿ: 6. ಥೈರಾಯ್ಡ್: 3. ಶುಗರ್: 3. ಕಬ್ಬಿಣದ ಅಂಶ: 3. ಮೂತ್ರ: 16. ಕೂಡಿಸಿದ್ರೆ 76.

ಅಂದ್ರೆ ಒಟ್ಟು ಎಂಟು ವಿಷಯ. ಒಂದು ಸಲ ಸೂಜಿ ಚುಚ್ಚಿ ಮೂರು ಸಣ್ಣ ಟ್ಯೂಬಲ್ಲಿ ರಕ್ತ ತಗೋತಾರೆ, ಒಂದು ಡಬ್ಬಿ ಮೂತ್ರ ಕೊಡ್ತೀರಿ. ಅಷ್ಟೇ. ಸಿಬಿಸಿಯಲ್ಲಿ 24 ಅಂದ್ರೆ 24 ಸಲ ಪರೀಕ್ಷೆ ಮಾಡಿದ್ರು ಅಂತ ಅಲ್ಲ. ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನ ಮೆಷಿನ್ ಒಂದೇ ಸಲ ಎಳ್ಕೊಂಡು ಒಂದು ನಿಮಿಷದ ಆಸುಪಾಸಲ್ಲಿ ಅಷ್ಟೂ ಅಂಕಿಗಳನ್ನ ಪ್ರಿಂಟ್ ಹೊಡೆಯುತ್ತೆ. ಮೂತ್ರದ 16ರಲ್ಲಿ ಬಣ್ಣ ಒಂದು 'ಟೆಸ್ಟ್', ತಿಳಿಯಾಗಿದೆಯಾ ಕದಡಿದೆಯಾ ಅನ್ನೋದು ಇನ್ನೊಂದು 'ಟೆಸ್ಟ್'.

ಇನ್ನು ಕೆಲವನ್ನ ಯಾರೂ ಅಳೆಯೋದೇ ಇಲ್ಲ, ಲೆಕ್ಕ ಹಾಕ್ತಾರೆ. ಕೊಲೆಸ್ಟ್ರಾಲ್ ಗುಂಪು ತಗೊಳ್ಳಿ. ಈ ಥರದ ಪ್ಯಾಕೇಜಲ್ಲಿ ಸಾಮಾನ್ಯವಾಗಿ ಅಳೆಯೋದು ಮೂರು: ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್. ಒಬ್ಬರಿಗೆ ಇವು 190, 45, 150 ಬಂದ್ವು ಅಂತಿಟ್ಕೊಳ್ಳಿ. 150ನ್ನ 5ರಿಂದ ಭಾಗಿಸಿದ್ರೆ 30, ಅದು ವಿಎಲ್‌ಡಿಎಲ್. 190ರಲ್ಲಿ 45ನ್ನೂ 30ನ್ನೂ ಕಳೆದ್ರೆ 115, ಅದು ಎಲ್‌ಡಿಎಲ್. 190ರಲ್ಲಿ 45 ಮಾತ್ರ ಕಳೆದ್ರೆ 145, ಅದು ನಾನ್ ಎಚ್‌ಡಿಎಲ್. ಆಮೇಲೆ ಇದನ್ನ ಅದರಿಂದ ಭಾಗಿಸಿ, ಅದನ್ನ ಇದರಿಂದ ಭಾಗಿಸಿ, ಮೂರು ಅನುಪಾತ. ಮೂರು ಅಳತೆ, ಆರು ಲೆಕ್ಕ, ಬೋರ್ಡಲ್ಲಿ ಒಂಬತ್ತು ಟೆಸ್ಟ್. ಲಿವರಿನ 12ರಲ್ಲೂ ನಾಲ್ಕು ಹೀಗೇ ಕಳೆದು, ಭಾಗಿಸಿ ಬಂದಿದ್ದು.

ಈ ಲೆಕ್ಕಗಳು ಸುಳ್ಳಲ್ಲ. ಡಾಕ್ಟರಿಗೆ ಅವು ಬೇಕಾಗುತ್ತೆ, ಎಲ್‌ಡಿಎಲ್ ಅಂತೂ ಬೇಕೇ ಬೇಕು. ನನ್ನ ತಕರಾರು 'ಟೆಸ್ಟ್' ಅನ್ನೋ ಪದದ ಮೇಲೆ. ಬಸ್ ಸ್ಟಾಪಲ್ಲಿ ನಿಂತವರು 76 ಟೆಸ್ಟ್ ಅಂತ ಓದಿದಾಗ, ಮೈಯಲ್ಲಿ 76 ಕಡೆ ಯಾರೋ ನೋಡ್ತಾರೆ ಅಂದ್ಕೋತಾರೆ. 'ಎಂಟು ಥರದ ಪರೀಕ್ಷೆ ಅಂತ ಬರೆಯೋಣ' ಅಂದೆ. ಮಾರ್ಕೆಟಿಂಗಿನವರು ನಕ್ಕುಬಿಟ್ರು. 'ಎದುರುಗಡೆ ಸ್ಟಾಪಲ್ಲಿ ಇನ್ನೊಬ್ಬರು 80 ಅಂತ ಹಾಕಿದ್ದಾರೆ ಮೇಡಂ, ನಾವು 8 ಅಂತ ಹಾಕಿದ್ರೆ ಸೊನ್ನೆ ಬಿಟ್ಟುಹೋಗಿದೆ ಅಂದ್ಕೋತಾರೆ' ಅಂದ್ರು. ಅವರ ಮಾತಲ್ಲೂ ನ್ಯಾಯ ಇತ್ತು. ಎಲ್ಲರೂ ಅಂಕಿಯನ್ನ ಉಬ್ಬಿಸಿರೋ ಕಡೆ ಒಬ್ಬರೇ ನಿಜ ಬರೆದ್ರೆ ಅವರದೇ ಕಮ್ಮಿ ಮಾಲು ಥರ ಕಾಣುತ್ತೆ.

ಈಗ 'ಫುಲ್' ಅನ್ನೋ ಪದಕ್ಕೆ ಬರ್ತೀನಿ. ಪಟ್ಟಿಯಲ್ಲಿ ಏನೇನಿದೆ ಅಂತ ನೋಡಿದ್ವಿ, ಏನಿಲ್ಲ ಅಂತ ನೋಡೋಣ. ಆ 76ರಲ್ಲಿ ಬಿಪಿ ಇರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಎರಡು ನಿಮಿಷದಲ್ಲಿ ನೋಡಬಹುದಾದ, ಬಿಟ್ರೆ ಪಾರ್ಶ್ವವಾಯುವಿನವರೆಗೂ ಹೋಗಬಹುದಾದ ಬಿಪಿನೇ ಇರಲಿಲ್ಲ. ಯಾಕೆ ಗೊತ್ತಾ? ಪಟ್ಟಿ ಬಂದಿದ್ದು ಲ್ಯಾಬಿನಿಂದ. ಲ್ಯಾಬಲ್ಲಿ ಬಿಪಿ ನೋಡಲ್ಲ.

ನಮ್ಮ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಐದು ವಿಷಯ ನೋಡ್ಬೇಕು ಅಂತಿದೆ: ಬಿಪಿ, ಶುಗರ್, ಬಾಯಿ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್. ಈ ಐದರಲ್ಲಿ 76 ಟೆಸ್ಟಿನ ಪ್ಯಾಕೇಜು ಮುಟ್ಟೋದು ಶುಗರ್ ಒಂದನ್ನೇ. ಉಳಿದ ನಾಲ್ಕಕ್ಕೆ ಒಬ್ಬ ಮನುಷ್ಯ ಎದುರಿಗೆ ಕೂತು ಕೈಯಿಟ್ಟು, ಟಾರ್ಚ್ ಹಿಡಿದು ನೋಡ್ಬೇಕು.

ಒಂದು ಉದಾಹರಣೆ ಊಹಿಸಿಕೊಳ್ಳಿ. 38 ವರ್ಷದ ಒಬ್ಬ ಡ್ರೈವರ್. ಹದಿನೈದು ವರ್ಷದಿಂದ ಗುಟ್ಕಾ. ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ, ಮೂರು ವಾರದಿಂದ ಮಾಯದ ಒಂದು ಹುಣ್ಣು. ಬೋರ್ಡ್ ನೋಡಿ 1,499 ಕೊಟ್ಟು ಚೆಕಪ್ ಮಾಡಿಸ್ತಾನೆ. 76 ಅಂಕಿಗಳೂ ನಾರ್ಮಲ್. ಯಾಕಂದ್ರೆ ಆ ಮಚ್ಚೆ ಆ ಹಂತದಲ್ಲಿ ಇವುಗಳಲ್ಲಿ ಯಾವುದಕ್ಕೂ ಕಾಣಿಸೋದಿಲ್ಲ. 'ಫುಲ್ ಬಾಡಿ ಮಾಡಿಸಿದ್ದೀನಿ, ಏನೂ ಇಲ್ಲ' ಅಂತ ಹೆಂಡತಿಗೆ ಹೇಳಿ ನಿಶ್ಚಿಂತೆಯಾಗಿ ಒಂದು ವರ್ಷ ಕಳೀತಾನೆ. ಆ ನಿಶ್ಚಿಂತೆಯನ್ನ ಅವನಿಗೆ ಮಾರಿದ್ದು ಲ್ಯಾಬ್ ಅಲ್ಲ, ಬೋರ್ಡಿನ 'ಫುಲ್' ಅನ್ನೋ ಪದ. ಮೀಟಿಂಗಲ್ಲಿ ನಾನು ಈ ಡ್ರೈವರನ್ನೇ ಮುಂದಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇದರ ಉಲ್ಟಾನೂ ಆಗುತ್ತೆ. ರಿಪೋರ್ಟಲ್ಲಿ ಕೆಲವು ಅಂಕಿ ದಪ್ಪ ಅಕ್ಷರದಲ್ಲೋ ಕೆಂಪಲ್ಲೋ ಇರುತ್ತಲ್ಲ, ಪಕ್ಕದಲ್ಲಿ ನಾರ್ಮಲ್ ರೇಂಜ್ ಅಂತ ಇರುತ್ತಲ್ಲ. ಆ ರೇಂಜ್ ಎಲ್ಲಿಂದ ಬರುತ್ತೆ? ಬಹಳಷ್ಟು ಟೆಸ್ಟ್‌ಗಳಿಗೆ ಆರೋಗ್ಯವಾಗಿರೋ ಜನರನ್ನೇ ತಗೊಂಡು ಅಳೆದು, ಅವರಲ್ಲಿ ನಡುವಿನ 95 ಜನ ಎಲ್ಲಿಂದ ಎಲ್ಲಿಯವರೆಗೆ ಇದ್ದಾರೆ ಅಂತ ಗೆರೆ ಹಾಕ್ತಾರೆ. ಅಂದ್ರೆ ಏನೂ ಕಾಯಿಲೆ ಇಲ್ಲದ 100 ಜನರಲ್ಲಿ 5 ಜನ ಗೆರೆಯ ಆಚೆ ಇದ್ದೇ ಇರ್ತಾರೆ. ಇದು ಒಂದು ಟೆಸ್ಟಿಗೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದ್ರೆ, ಪೂರ್ತಿ ಆರೋಗ್ಯವಂತರಾದ 100 ಜನರಲ್ಲಿ ಸುಮಾರು 64 ಜನಕ್ಕೆ ಒಂದಾದ್ರೂ ಅಂಕಿ ಗೆರೆಯಾಚೆ ಬರುತ್ತೆ. ನಮ್ಮ ಪಟ್ಟಿಯ ಎಷ್ಟೋ ಅಂಕಿಗಳು ಒಂದಕ್ಕೊಂದು ಅಂಟಿಕೊಂಡೇ ಇರೋದ್ರಿಂದ ಲೆಕ್ಕ ಇಷ್ಟೇ ಕರಾರುವಾಕ್ಕಾಗಿ ಬರಲ್ಲ. ಆದ್ರೆ ದಿಕ್ಕು ಅದೇ. ಟೆಸ್ಟ್ ಹೆಚ್ಚಿದಷ್ಟೂ ಕೆಂಪು ಅಂಕಿ ಸಿಗೋ ಸಾಧ್ಯತೆ ಹೆಚ್ಚು.

ಕೆಂಪು ಅಂಕಿ ನೋಡಿದ ಮೇಲೆ ಯಾರೂ ಸುಮ್ಮನೆ ಕೂರಲ್ಲ. ಇನ್ನೊಂದು ಟೆಸ್ಟ್, ಒಂದು ಸ್ಕ್ಯಾನ್, ಒಬ್ಬ ಸ್ಪೆಷಲಿಸ್ಟು. ಬೋರ್ಡಿನ ಕೊನೆಗೆ 'ವೈದ್ಯರ ಸಲಹೆ ಉಚಿತ' ಅಂತ ಒಂದು ಸಾಲು ಇರುತ್ತಲ್ಲ, ಅದು ಇರೋದು ಇಲ್ಲಿ. 1,499 ಅನ್ನೋದು ಬಾಗಿಲು, ವ್ಯಾಪಾರ ಒಳಗಡೆ. ಹಾಗಂತ ಒಳಗೆ ಕೂತ ಡಾಕ್ಟರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲದ ಶುಗರ್ ಹೀಗೆ ಸಿಕ್ಕಿಬೀಳುತ್ತೆ, ಅದು ಒಳ್ಳೇದೇ. ಆದ್ರೆ ಏನೂ ತೊಂದರೆ ಇಲ್ಲದವರಿಗೆ ಎಲ್ಲವನ್ನೂ ಒಟ್ಟಿಗೆ ನೋಡೋ ಚೆಕಪ್‌ನಿಂದ ಆಯಸ್ಸು ಹೆಚ್ಚುತ್ತಾ ಅಂತ ಕೇಳಿದ ಅಧ್ಯಯನಗಳೂ ಇವೆ. ಕಾಕ್ರೇನ್ ಅನ್ನೋ ಸಂಸ್ಥೆ 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡ್ತು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ. ಚೆಕಪ್ ಮಾಡಿಸಿಕೊಂಡವರಲ್ಲೂ ಮಾಡಿಸದವರಲ್ಲೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು.

ಬ್ರೀಫಲ್ಲಿ ಇನ್ನೊಂದು ಸಾಲು ಇತ್ತು: 'ನಾಳೆ ತಡವಾಗಬಹುದು'. ಫೋಟೋದಲ್ಲಿ ನಿಮ್ಮ ವಯಸ್ಸಿನ ಒಬ್ಬ ಹುಡುಗ ಎದೆ ಹಿಡ್ಕೊಂಡು ನಿಂತಿದ್ದ. ಕರ್ನಾಟಕದಲ್ಲಿ ಈ ಸಾಲಿಗೆ ಎಂಥ ಶಕ್ತಿ ಇದೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲೆ, ಆಮೇಲೆ 2025ರಲ್ಲಿ ಹಾಸನದ ಸುದ್ದಿಗಳು ಬಂದ ಮೇಲೆ, ಜಯದೇವ ಆಸ್ಪತ್ರೆ ಮುಂದೆ ಎಂಥ ಸಾಲು ನಿಂತಿತ್ತು ಅಂತ ನಾವೆಲ್ಲ ನೋಡಿದ್ದೀವಿ. ಆ ಭಯ ನಿಜವಾದದ್ದು. ಅದಕ್ಕೇ ನಾನು ಕೇಳಿದೆ: ಎದೆ ಹಿಡ್ಕೊಂಡಿರೋ ಹುಡುಗನನ್ನ ತೋರಿಸ್ತೀರಿ, ನಿಮ್ಮ 76ರಲ್ಲಿ ಇಸಿಜಿ ಇದೆಯಾ? ಇರಲಿಲ್ಲ. ಕೊಲೆಸ್ಟ್ರಾಲ್ ಬಿಟ್ರೆ ಹೃದಯಕ್ಕೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಇನ್ನೂ ದೊಡ್ಡ ಅಪಾಯ ಏನಂದ್ರೆ, ನಿಜವಾಗ್ಲೂ ಎದೆ ನೋವಿರೋನು ಈ ಬೋರ್ಡ್ ನೋಡಿ 'ಭಾನುವಾರ ಪ್ಯಾಕೇಜ್ ಮಾಡಿಸ್ತೀನಿ' ಅಂದ್ಕೋಬಹುದು. ಎದೆ ನೋವಿದ್ರೆ ಆ ಗಳಿಗೆಯಲ್ಲೇ ಎಮರ್ಜೆನ್ಸಿಗೆ ಹೋಗ್ಬೇಕು. ಪ್ಯಾಕೇಜು ಅದಕ್ಕಲ್ಲ. ಈ ವಾದಕ್ಕೆ ಆಸ್ಪತ್ರೆಯ ಡಾಕ್ಟರೊಬ್ಬರೇ ನನ್ನ ಪರ ನಿಂತ್ರು. ಸಾಲೂ ಹೋಯ್ತು, ಫೋಟೋನೂ ಹೋಯ್ತು.

ಕೊನೆಯದು ನಕ್ಷತ್ರ. ಬೆಲೆಯ ತಲೆ ಮೇಲೆ ಕೂರೋ ಆ ಪುಟ್ಟ ಚುಕ್ಕಿ. ಬೋರ್ಡೆಲ್ಲ ಕನ್ನಡ, ನಕ್ಷತ್ರದ ವಿವರ ಮಾತ್ರ ಕೆಳಗೆ ಇಂಗ್ಲಿಷಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದರಲ್ಲಿ ಮೂರು ವಿಷಯ ಇತ್ತು. ದಿನಕ್ಕೆ ಇಷ್ಟೇ ಜನಕ್ಕೆ. ಮೊದಲೇ ಬುಕ್ ಮಾಡಿರಬೇಕು. ಹಸಿದ ಹೊಟ್ಟೆಯಲ್ಲಿ ಬರಬೇಕು. ಕೇಂದ್ರ ಸರ್ಕಾರ 2022ರ ಜೂನಲ್ಲಿ ದಾರಿತಪ್ಪಿಸೋ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿದೆ, ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ. ಅದರ ಪ್ರಕಾರ ದೊಡ್ಡ ಸಾಲು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರ್ಬೇಕು. ಕನ್ನಡದಲ್ಲಿ ಕರೆದು ಇಂಗ್ಲಿಷಲ್ಲಿ ಬಾಗಿಲು ಹಾಕೋ ಹಾಗಿಲ್ಲ. ಇದು ನನ್ನ ಕೈಲಿದ್ದ ಗಟ್ಟಿ ಅಸ್ತ್ರ, ಯಾಕಂದ್ರೆ ಇಲ್ಲಿ ಅಭಿರುಚಿಯ ಮಾತಿಲ್ಲ, ನಿಯಮದ ಮಾತಿದೆ.

ಆ ಮೂರರಲ್ಲಿ ಹಸಿದ ಹೊಟ್ಟೆಯ ವಿಷಯ ಯಾಕೆ ಮುಖ್ಯ ಅಂದ್ರೆ, ಬೋರ್ಡ್ ನೋಡಿ ಒಬ್ಬ ಗಾರ್ಮೆಂಟ್ಸ್ ಕೆಲಸದವಳು ಅರ್ಧ ದಿನ ರಜೆ ಹಾಕಿ, ಇಡ್ಲಿ ತಿಂದು, ಎರಡು ಬಸ್ ಬದಲಾಯಿಸಿ ಬರ್ತಾಳೆ. ಕೌಂಟರಲ್ಲಿ 'ತಿಂಡಿ ಆಯ್ತಾ? ಹಾಗಾದ್ರೆ ನಾಳೆ ಬನ್ನಿ' ಅಂತಾರೆ. ಅರ್ಧ ದಿನದ ಸಂಬಳ ಹೋಯ್ತು. ಆ ಸಾಲನ್ನ ದೊಡ್ಡದಾಗಿ ಬರೆದ್ರೆ ಆಸ್ಪತ್ರೆಗೂ ಒಳ್ಳೇದು, ಅವಳಿಗೂ ಒಳ್ಳೇದು.

ಕೊನೆಗೆ ಪ್ರಿಂಟ್ ಆಗಿದ್ದು ಏನು? 'ಫುಲ್ ಬಾಡಿ ಚೆಕಪ್' ಉಳೀತು. ಅದನ್ನ ತೆಗೆಸೋಕೆ ನನ್ನ ಕೈಲಿ ಆಗ್ಲಿಲ್ಲ. '76 ಟೆಸ್ಟ್' ಅನ್ನೋದು '76 ಅಂಶಗಳು' ಆಯ್ತು, ಕೆಳಗೆ ಎಂಟು ವಿಷಯಗಳ ಹೆಸರು ಕನ್ನಡದಲ್ಲಿ ಬಂತು. ಗೀಟು ಹೊಡೆದ 5,200 ಎಲ್ಲಿಂದ ಬಂತು ಅಂತ ಕೇಳಿದಾಗ, ಬಿಡಿಬಿಡಿಯಾಗಿ ಮಾಡಿಸಿದ್ರೆ ಆಗೋ ಮೊತ್ತ ಅಂದ್ರು. ಹಾಗಾದ್ರೆ ಅದನ್ನೇ ಬರೆಯೋಣ ಅಂದೆ, 'ಬಿಡಿಯಾಗಿ ಮಾಡಿಸಿದರೆ 5,200' ಅಂತ ಬಂತು. ಬಿಪಿ ಸೇರಿಸಿದ್ರು, ಅದಕ್ಕೆ ಖರ್ಚೇ ಇಲ್ವಲ್ಲ. ಮತ್ತೆ ಬೆಲೆಯ ಪಕ್ಕದಲ್ಲೇ, ಓದೋಕಾಗೋ ಗಾತ್ರದಲ್ಲಿ ಈ ಸಾಲು ಬಂತು: 'ರಾತ್ರಿ ಊಟ ಆದಮೇಲೆ 10 ಗಂಟೆ ಏನೂ ತಿನ್ನದೆ ಬನ್ನಿ. ನೀರು ಕುಡಿಯಬಹುದು.' ನನ್ನನ್ನ ಕೇಳಿದ್ರೆ ಆ ಬೋರ್ಡಲ್ಲಿ ಚೆನ್ನಾಗಿರೋ ಸಾಲು ಅದೇ.

ಇನ್ನು ನೀವು. ಅಪ್ಪ ಅಮ್ಮನಿಗೆ ಇಂಥ ಪ್ಯಾಕೇಜ್ ಬುಕ್ ಮಾಡೋ ಮುಂಚೆ ಬೋರ್ಡಲ್ಲಿರೋ ನಂಬರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಪಟ್ಟಿಯನ್ನ ವಾಟ್ಸಾಪಲ್ಲಿ ಕಳಿಸ್ತೀರಾ? ರಿಪೋರ್ಟ್ ಬಂದ ಮೇಲೆ ಡಾಕ್ಟರು ಕೂತು ಮಾತಾಡ್ತಾರಾ, ಬಿಪಿ ನೋಡಿ, ಬಾಯಿ ನೋಡಿ, ಮನೆಯಲ್ಲಿ ಯಾರಿಗೆ ಏನಿತ್ತು ಅಂತ ಕೇಳ್ತಾರಾ? ಖಾಲಿ ಹೊಟ್ಟೆಯಲ್ಲಿ ಬರ್ಬೇಕಾ? ಎರಡನೇ ಪ್ರಶ್ನೆಗೆ ಆ ಕಡೆಯಿಂದ ತಡವರಿಸಿದ್ರೆ, ನೀವು ಕೊಳ್ತಿರೋದು ಡಾಕ್ಟರ ತಪಾಸಣೆ ಅಲ್ಲ, ಅಂಕಿಗಳ ಒಂದು ಹಾಳೆ ಅಂತ ತಿಳ್ಕೊಳ್ಳಿ. ಮನೆಯಲ್ಲಿ 30 ದಾಟಿದವರಿದ್ರೆ ಬಿಪಿ, ಶುಗರ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನಮ್ಮ ಕ್ಲಿನಿಕ್‌ನಲ್ಲೋ ದುಡ್ಡಿಲ್ಲದೆ ನೋಡ್ತಾರೆ. ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಕಾರಣ ಇಲ್ಲದೆ ತೂಕ ಇಳಿಯೋದು, ಇಂಥದ್ದು ಏನಾದ್ರೂ ಇದ್ರೆ ಪ್ಯಾಕೇಜ್ ಹುಡುಕ್ತಾ ಕೂರ್ಬೇಡಿ, ಸೀದಾ ಡಾಕ್ಟರಿಗೆ ತೋರಿಸಿ.

ಬೋರ್ಡಲ್ಲಿ ಬರೆದಿದ್ದು ಒಂದು, ಕೌಂಟರಲ್ಲಿ ಹೇಳಿದ್ದು ಇನ್ನೊಂದು ಆದ್ರೆ, ಬೋರ್ಡಿನ ಫೋಟೋ ಇಟ್ಕೊಳ್ಳಿ, ಬಿಲ್ ಇಟ್ಕೊಳ್ಳಿ, 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಕ್ಷತ್ರವೂ ಸೇರೋ ಹಾಗೆ ಪೂರ್ತಿ ಬೋರ್ಡಿನ ಫೋಟೋ ತೆಗೀರಿ. ಮುಂದಿನ ತಿಂಗಳು ಅಲ್ಲಿ ಬೇರೆ ಬೋರ್ಡ್ ಬಂದಿರುತ್ತೆ, ಆಮೇಲೆ ತೋರಿಸೋಕೆ ಏನೂ ಇರಲ್ಲ.

ಬಸ್ ಬಂದಿದ್ರೆ ಹತ್ತಿ. ಮತ್ತೆ ಸಿಗೋಣ, ನಮಸ್ಕಾರ.